ಅನೀಮಿಯಾ ವರ್ಗೀಕರಣ: ಹತ್ತು ಅಂಕದ ಉತ್ತರ ನೀವು ಹೇಗೆ ಬರೆದಿರಿ?

ಗದಗ, ಎಂಬಿಬಿಎಸ್ ಎರಡನೇ ವರ್ಷದ ವಿದ್ಯಾರ್ಥಿನಿ

ಪೆಥಾಲಜಿ ಇಂಟರ್ನಲ್ಸ್‌ನಲ್ಲಿ ಅನೀಮಿಯಾ ವರ್ಗೀಕರಿಸಿ, ಪತ್ತೆ ಹಚ್ಚುವ ಕ್ರಮ ಬರೆಯಿರಿ ಅಂತ ಹತ್ತು ಅಂಕಕ್ಕೆ ಬಂದಿತ್ತು. ಎರಡೂವರೆ ಪುಟ ಬರೆದೆ. ಇಪ್ಪತ್ತೆರಡು ಹೆಸರು ಹಾಕಿದೆ. ಸಿಕ್ಕಿದ್ದು ನಾಲ್ಕು. ಪಕ್ಕದಲ್ಲಿ ಕೆಂಪು ಪೆನ್ನಿನಲ್ಲಿ 'ಇದು ಪಟ್ಟಿ' ಅಂತ ಒಂದೇ ಮಾತು. ಹೆಡಿಂಗ್ ಯಾವ ಕ್ರಮದಲ್ಲಿ ಇಡಬೇಕು? ಬರೆದು ಪಾಸಾದವರು ಹೇಳ್ರಿ.

ಹುಬ್ಬಳ್ಳಿ, ಪೆಥಾಲಜಿ ಪಿಜಿ

ತಂಗಿ, ಎರಡನೇ ವರ್ಷದಲ್ಲಿ ನನ್ನ ಉತ್ತರವೂ ಹೀಗೇ ಇತ್ತು. ಹೆಸರು ಎಲ್ಲ ಸರಿ. ಆದರೆ ಒಂದು ಹೆಸರಿನಿಂದ ಇನ್ನೊಂದಕ್ಕೆ ಹೋಗುವ ದಾರಿಯೇ ಇರಲಿಲ್ಲ.

ನಮ್ಮ ಬುಕ್ಕಿನಲ್ಲಿ ಎರಡು ವರ್ಗೀಕರಣ ಇರುತ್ತವೆ. ಒಂದು ಕಾರಣದ ಮೇಲೆ: ರಕ್ತ ಹೊರಗೆ ಹೋಯಿತೋ, ಒಳಗೇ ಒಡೆಯಿತೋ, ತಯಾರೇ ಆಗಲಿಲ್ಲವೋ. ಇನ್ನೊಂದು ಕಣದ ಗಾತ್ರದ ಮೇಲೆ: ಎಂಸಿವಿ 80ಕ್ಕಿಂತ ಕಡಿಮೆ, 80ರಿಂದ 100, 100ಕ್ಕಿಂತ ಜಾಸ್ತಿ. ನಾವು ಎರಡನ್ನೂ ಬೇರೆ ಬೇರೆ ಬರೆದು ಕೈ ತೊಳೆದುಕೊಳ್ಳುತ್ತೇವೆ. ಆದರೆ ರಿಪೋರ್ಟಿನಲ್ಲಿ 'ಕಬ್ಬಿಣದ ಕೊರತೆ' ಅಂತ ಎಲ್ಲೂ ಬರುವುದಿಲ್ಲ. ಬರುವುದು ಬರೀ ಸಂಖ್ಯೆ. ಆ ಸಂಖ್ಯೆಯಿಂದ ಕಾರಣಕ್ಕೆ ಹೇಗೆ ಹೋದೆ ಅನ್ನೋದನ್ನೇ ಅವರು ಕೇಳುತ್ತಿದ್ದಾರೆ.

ನಾನು ಆಮೇಲೆ ಹಾಕಿಕೊಂಡ ಹೆಡಿಂಗ್ ಐದೇ. ವ್ಯಾಖ್ಯೆ ಎರಡು ಸಾಲು, ಹಿಮೋಗ್ಲೋಬಿನ್ ಗಂಡಸರಲ್ಲಿ 13, ಹೆಂಗಸರಲ್ಲಿ 12ಕ್ಕಿಂತ ಕಡಿಮೆ ಅಂತ ಸಂಖ್ಯೆ ಸಮೇತ. ಆಮೇಲೆ ಕಾರಣದ ವರ್ಗೀಕರಣ, ಗಾತ್ರದ ವರ್ಗೀಕರಣ. ನಾಲ್ಕನೆಯದು ಎರಡನ್ನೂ ಜೋಡಿಸುವ ಫ್ಲೋ. ಕೊನೆಗೆ ಒಂದು ಕೇಸು. ಅರ್ಧ ಸಮಯ ಫ್ಲೋಗೇ ಹೋಗಲಿ.

ಫ್ಲೋದ ಮೊದಲ ಕವಲು ರೆಟಿಕ್ ಕೌಂಟ್. ಖಾನಾವಳಿಯಲ್ಲಿ ರೊಟ್ಟಿ ಕಡಿಮೆ ಬಿದ್ದವು ಅಂದುಕೋ. ಮೊದಲು ಏನು ನೋಡುತ್ತೀ? ಒಳಗೆ ಒಲೆ ಉರಿಯುತ್ತಿದೆಯೋ ಇಲ್ಲವೋ. ಬಿಸಿ ರೊಟ್ಟಿ ಬರುತ್ತಲೇ ಇದ್ದರೆ ಅಡುಗೆಮನೆ ಸರಿ ಇದೆ, ರೊಟ್ಟಿ ಹೊರಗೆಲ್ಲೋ ಹಾಳಾಗುತ್ತಿದೆ. ಬಿಸಿ ರೊಟ್ಟಿಯೇ ಇಲ್ಲ ಅಂದರೆ ಒಳಗೇ ತೊಂದರೆ. ರೆಟಿಕ್ ಅಂದರೆ ಆ ಬಿಸಿ ರೊಟ್ಟಿ. ಒಲೆ ಅಂದರೆ ಮಜ್ಜೆ. ಒಲೆ ಉರಿಯುತ್ತಿಲ್ಲ ಅಂತ ಗೊತ್ತಾದ ಮೇಲೆ ಗಾತ್ರ ನೋಡು. ಹಿಟ್ಟು ಇಲ್ಲವೋ, ನೀರು ಇಲ್ಲವೋ ಅಂತ ಆಗ ಗೊತ್ತಾಗುತ್ತದೆ.

ಹಾವೇರಿ, ಫೈನಲ್ ಇಯರ್

ಇಷ್ಟೆಲ್ಲ ಬೇಡ ಅನಿಸುತ್ತದೆ. ನಾನು ಬರೀ ಎಂಸಿವಿ ಮೇಲೆ ಬರೆದು ಆರು ತಗೊಂಡೆ. ಸಣ್ಣ ಕಣ ಅಂದರೆ ಕಬ್ಬಿಣ, ದೊಡ್ಡದು ಅಂದರೆ ಬಿ12, ನಡುವಿನದು ಅಂದರೆ ರಕ್ತಸ್ರಾವ ಇಲ್ಲಾ ಹಳೇ ಕಾಯಿಲೆ. ಮುಗೀತು. ರೆಟಿಕ್ 0.5ರಿಂದ 2.5 ಪರ್ಸೆಂಟ್ ಒಳಗಿದ್ದರೆ ನಾರ್ಮಲ್, ಅದರಲ್ಲಿ ಯೋಚನೆ ಮಾಡೋಕೆ ಏನಿದೆ?

ಹುಬ್ಬಳ್ಳಿ, ಪೆಥಾಲಜಿ ಪಿಜಿ

ಆರು ಬಂದದ್ದು ಅದಕ್ಕೇ ತಮ್ಮಾ, ಎಂಟು ಬರಲಿಲ್ಲ! ಗಾತ್ರದ ಕೋಷ್ಟಕ ನೀನು ಹೇಳಿದಂತೆಯೇ ಶುರುವಾಗುತ್ತದೆ, ತಪ್ಪಿಲ್ಲ. ಎಡವಿದ್ದು 'ನಾರ್ಮಲ್' ಅನ್ನುವಲ್ಲಿ. ಒಂದು ಕೇಸು ಹಿಡಿದು ನೋಡೋಣ.

28 ವರ್ಷದ ಹೆಂಗಸು. ಹಿಮೋಗ್ಲೋಬಿನ್ 7.2. ಪಿಸಿವಿ 24. ಕೆಂಪು ಕಣ 40 ಲಕ್ಷ. ಎಂಸಿವಿ 60. ರೆಟಿಕ್ 2.4 ಪರ್ಸೆಂಟ್. ನಿನ್ನ ಲೆಕ್ಕದಲ್ಲಿ ರೆಟಿಕ್ ಆರಾಮಾಗಿದೆ, ಅಲ್ವಾ?

ಬುಟ್ಟಿಯಲ್ಲಿ ನೂರು ರೊಟ್ಟಿ ಇದ್ದಾಗ ಎರಡು ಬಿಸಿ ಇದ್ದರೆ ಎರಡು ಪರ್ಸೆಂಟ್. ಬುಟ್ಟಿ ಅರ್ಧ ಖಾಲಿ ಆಯಿತು, ಬಿಸಿಯವು ಆಗಲೂ ಎರಡೇ. ಪರ್ಸೆಂಟ್ ಮಾತ್ರ ನಾಲ್ಕು ಆಯಿತು! ಒಲೆ ಒಂದು ರೊಟ್ಟಿಯನ್ನೂ ಜಾಸ್ತಿ ಮಾಡಿಲ್ಲ. ಅದಕ್ಕೇ ನಾರ್ಮಲ್ ಪಿಸಿವಿ 45 ಅಂತ ಹಿಡಿದು ಸರಿಪಡಿಸಬೇಕು:

2.4 × 24 ÷ 45 = 1.28

ಇಲ್ಲಿಗೂ ಮುಗಿಯಲಿಲ್ಲ. ರೊಟ್ಟಿಗೆ ಗದ್ದಲ ಜಾಸ್ತಿ ಆದರೆ ಅಡುಗೆಯವರು ಅರೆಬೆಂದದ್ದನ್ನೇ ಹೊರಗೆ ಕಳಿಸುತ್ತಾರೆ. ರಕ್ತದಲ್ಲೂ ಹಾಗೇ. ಎಳೆ ರೆಟಿಕ್ ಬೇಗ ಹೊರಬಂದು, ಒಂದು ದಿನದ ಬದಲು ಎರಡು ದಿನ ರೆಟಿಕ್ ಆಗಿಯೇ ತಿರುಗುತ್ತದೆ. ಅಂದರೆ ಒಂದನ್ನೇ ಎರಡು ಸಲ ಎಣಿಸಿದ ಹಾಗೆ. ಪಿಸಿವಿ 25ರ ಆಸುಪಾಸಿನಲ್ಲಿ ಇದಕ್ಕಾಗಿ 2ರಿಂದ ಭಾಗಿಸುತ್ತೇವೆ:

1.28 ÷ 2 = 0.64

ಇದು 2ಕ್ಕಿಂತ ಕಡಿಮೆ. ಹಿಮೋಗ್ಲೋಬಿನ್ ಏಳಕ್ಕೆ ಇಳಿದರೂ ಮಜ್ಜೆ ಎದ್ದು ಕೆಲಸ ಮಾಡುತ್ತಿಲ್ಲ. ಈಗ ಗಾತ್ರ ನೋಡು, 60. ಸಣ್ಣ ಕಣ, ತಯಾರಿಕೆಯ ಕೊರತೆ. ಇಲ್ಲಿಗೆ ಎರಡು ವರ್ಗೀಕರಣವೂ ಒಂದೇ ಸಾಲಿನಲ್ಲಿ ಕೂಡಿಕೊಂಡವು.

ಸಣ್ಣ ಕಣ ಅಂದ ಕೂಡಲೇ ಕಬ್ಬಿಣ ಅನ್ನಬೇಡ. ಥಲಸೀಮಿಯಾ ಟ್ರೇಟ್‌ನಲ್ಲೂ ಕಣ ಸಣ್ಣದೇ. ಆದರೆ ಅಲ್ಲಿ ಕಣಗಳ ಸಂಖ್ಯೆ ಇಳಿಯುವುದಿಲ್ಲ, ಕೆಲವೊಮ್ಮೆ ಏರಿಯೇ ಇರುತ್ತದೆ. ಮೆಂಟ್ಜರ್ ಇಂಡೆಕ್ಸ್ ಹಿಡಿಯುವುದು ಇದನ್ನೇ. ಎಂಸಿವಿಯನ್ನು ಮಿಲಿಯನ್ ಲೆಕ್ಕದ ಕಣಗಳ ಸಂಖ್ಯೆಯಿಂದ ಭಾಗಿಸಬೇಕು, 40 ಲಕ್ಷ ಅಂದರೆ 4.0. ನಮ್ಮ ಕೇಸಿನಲ್ಲಿ 60 ÷ 4.0 = 15. 13ಕ್ಕಿಂತ ಜಾಸ್ತಿ, ಕಬ್ಬಿಣದ ಕಡೆ ವಾಲುತ್ತದೆ. ಎಂಸಿವಿ 62 ಇದ್ದು ಕಣ 58 ಲಕ್ಷ ಇದ್ದಿದ್ದರೆ 10.7 ಬಂದು ಟ್ರೇಟ್ ಕಡೆ ವಾಲುತ್ತಿತ್ತು. ವಾಲುತ್ತದೆ ಅಷ್ಟೇ, ತೀರ್ಪು ಕೊಡುವುದು ಫೆರಿಟಿನ್ ಮತ್ತು ಹಿಮೋಗ್ಲೋಬಿನ್ ಎ2.

ನಿನ್ನ 'ಹಳೇ ಕಾಯಿಲೆ'ಯನ್ನು ನಡುವಿನ ಗೂಡಿನಲ್ಲಿ ಮಾತ್ರ ಇಡಬೇಡ. ಅದರಲ್ಲಿ ಕಣ ಸಣ್ಣದೂ ಆಗಬಹುದು.

ರಾಣೆಬೆನ್ನೂರು, ಗೃಹಿಣಿ

ಡಾಕ್ಟ್ರವ್ವಾ, ಪರೀಕ್ಷೆ ವಿಷಯ ನನಗೆ ಗೊತ್ತಾಗುವುದಿಲ್ಲ. ನನ್ನ ಮಗಳಿಗೆ 19 ವರ್ಷ. ರಕ್ತ 9.1 ಇದೆ. ಎರಡು ತಿಂಗಳಿಂದ ಕಬ್ಬಿಣದ ಗುಳಿಗೆ ನುಂಗುತ್ತಿದ್ದಾಳೆ, ಅರ್ಧ ಪಾಯಿಂಟ್ ಏರಿದೆ ಅಷ್ಟೇ. ನಾವು ಸಸ್ಯಾಹಾರಿ. ಹಾಲು ಮೊಸರು ಅವಳಿಗೆ ಸೇರೋದಿಲ್ಲ. ರಿಪೋರ್ಟಿನಲ್ಲಿ ಎಂಸಿವಿ 88, ಅದಕ್ಕೆ ಗುರುತು ಹಾಕಿಲ್ಲ. ಆರ್‌ಡಿಡಬ್ಲ್ಯೂ 21 ಅಂತ ಇದೆ, ಅದಕ್ಕೆ ಜಾಸ್ತಿ ಅಂತ ಗುರುತು. ಎಂಸಿವಿ ನಾರ್ಮಲ್ ಅಂದರೆ ಕಬ್ಬಿಣ ಸರಿ ಹೋಯಿತು ಅಂತ ತಿಳಿಯಬೇಕೇನು?

ಹುಬ್ಬಳ್ಳಿ, ಪೆಥಾಲಜಿ ಪಿಜಿ

ಹಾಗೆ ತಿಳಿಯಬೇಡಿ ಅಮ್ಮಾ. ಎಂಸಿವಿ ಅಂದರೆ ಸರಾಸರಿ. ಅರ್ಧ ರೊಟ್ಟಿ ಸಣ್ಣವು, ಅರ್ಧ ದೊಡ್ಡವು ಇದ್ದರೂ ಸರಾಸರಿ ಚೆಂದವಾಗಿಯೇ ಬರುತ್ತದೆ. ಗಾತ್ರದಲ್ಲಿ ಎಷ್ಟು ಏರುಪೇರು ಇದೆ ಅಂತ ಹೇಳುವುದು ಆರ್‌ಡಿಡಬ್ಲ್ಯೂ. ಅದು ಸಾಮಾನ್ಯವಾಗಿ 14.5ರ ಒಳಗಿರುತ್ತದೆ. 21 ಅಂದರೆ ಏರುಪೇರು ಬಹಳ.

ಕಬ್ಬಿಣವೂ ಬಿ12ವೂ ಎರಡೂ ಕಡಿಮೆ ಇದ್ದರೆ ಹೀಗಾಗಬಹುದು. ಹಾಲು ಮೊಸರೂ ಇಲ್ಲದ ಸಸ್ಯಾಹಾರದಲ್ಲಿ ಬಿ12 ಬರುವ ದಾರಿ ಕಡಿಮೆ. ಇನ್ನೊಂದು ಸಾಧ್ಯತೆಯೂ ಇದೆ. ಗುಳಿಗೆಯಿಂದ ಹುಟ್ಟಿದ ಹೊಸ ಕಣಗಳು ಹಳೇ ಸಣ್ಣ ಕಣಗಳ ಜೊತೆ ಬೆರೆತರೂ ಆರ್‌ಡಿಡಬ್ಲ್ಯೂ ಏರುತ್ತದೆ. ಆದರೆ ಎರಡು ತಿಂಗಳಿಗೆ ಅರ್ಧವೇ ಏರಿದ್ದು ಅದಕ್ಕೆ ಹೊಂದುವುದಿಲ್ಲ. ಇಲ್ಲಿ ಕೂತು ಹೇಳೋಕೆ ಆಗೋದಿಲ್ಲ. ಈ ರಿಪೋರ್ಟ್ ಡಾಕ್ಟರಿಗೆ ತೋರಿಸಿ, ಸ್ಮಿಯರ್, ಫೆರಿಟಿನ್, ಬಿ12 ಬೇಕೇ ಅಂತ ಕೇಳಿ. ಗುಳಿಗೆ ನುಂಗಿದ ಹೊತ್ತಿಗೇ ಚಹಾ ಕುಡಿಯುತ್ತಿದ್ದರೆ ಅದನ್ನೂ ಹೇಳಿ, ಚಹಾ ಕಬ್ಬಿಣವನ್ನು ಹೀರಲು ಬಿಡುವುದಿಲ್ಲ.

ತಂಗಿ, ನೋಡಿದೆಯಾ? ಈ ಅಮ್ಮನ ಪ್ರಶ್ನೆ ನಿನ್ನ ಉತ್ತರದಲ್ಲಿ ಒಂದು ಸಾಲು ಆಗಬೇಕು. ಎಂಸಿವಿ ನಾರ್ಮಲ್, ಆರ್‌ಡಿಡಬ್ಲ್ಯೂ ಜಾಸ್ತಿ, ಹಾಗಾದರೆ ಮಿಶ್ರ ಕೊರತೆ ಇದೆಯೇ ಅಂತ ಸ್ಮಿಯರ್ ನೋಡು.

ಧಾರವಾಡ, ಲ್ಯಾಬ್ ಟೆಕ್ನೀಷಿಯನ್

ನನ್ನದೂ ಒಂದು ಮಾತು. ಎಂಸಿವಿಯನ್ನು ದೇವರ ಪ್ರಸಾದ ಅನ್ನೋ ಹಾಗೆ ಕಣ್ಣಿಗೊತ್ತಿಕೊಳ್ಳಬೇಡಿ. ಇಡಿಟಿಎ ಟ್ಯೂಬಿನಲ್ಲಿ ರಕ್ತ ರಾತ್ರಿಯಿಡೀ ಹೊರಗೆ ಕೂತರೆ ಕಣ ಉಬ್ಬುತ್ತದೆ, ಎಂಸಿವಿ ಏರುತ್ತದೆ. ನಾನು ಮೊದಲು ಕೆಲಸ ಮಾಡುತ್ತಿದ್ದ ಕಡೆ ಹಳ್ಳಿಯ ಸ್ಯಾಂಪಲ್ ಹಿಂದಿನ ಸಂಜೆಯವು ಬರುತ್ತಿದ್ದವು. ಗಡಿಯ ಮೇಲಿನ ಸಂಖ್ಯೆ ನಂಬುತ್ತಲೇ ಇರಲಿಲ್ಲ.

ಒಮ್ಮೆ ಎಂಸಿವಿ 130ರ ಮೇಲೆ, ಎಂಸಿಎಚ್‌ಸಿ ನಲವತ್ತರ ಮೇಲೆ ಬಂತು. ಒಂದು ಕಣದಲ್ಲಿ ಅಷ್ಟು ಹಿಮೋಗ್ಲೋಬಿನ್ ತುಂಬಲು ಸಾಧ್ಯವೇ ಇಲ್ಲ. ಟ್ಯೂಬ್ 37 ಡಿಗ್ರಿಯಲ್ಲಿ ಬೆಚ್ಚಗೆ ಮಾಡಿ ಮತ್ತೆ ಓಡಿಸಿದೆ, ಎರಡೂ ಇಳಿದವು. ತಣ್ಣಗಾದಾಗ ಕಣಗಳು ಅಂಟಿಕೊಂಡು ಗುಂಪಾಗಿದ್ದವು. ಮಷಿನ್ ಗುಂಪನ್ನೇ ಒಂದು ದೊಡ್ಡ ಕಣ ಅಂತ ಎಣಿಸಿತ್ತು.

ಧಾರವಾಡ, ನಿವೃತ್ತ ಉಪನ್ಯಾಸಕರು

ನಾನು ಬಹಳ ವರ್ಷ ಉತ್ತರ ಪತ್ರಿಕೆ ತಿದ್ದಿದ್ದೇನೆ. ನೂರು ಅಂಕಕ್ಕೆ ಮೂರು ತಾಸು ಅಂದರೆ ಹತ್ತು ಅಂಕಕ್ಕೆ 18 ನಿಮಿಷ. ಇಪ್ಪತ್ತೆರಡು ಹೆಸರು ಬರೆದವರಿಗೆ ಯೋಚಿಸಲು ಸಮಯ ಎಲ್ಲಿದೆ? ಎಂಟು ಹತ್ತು ಹೆಸರು ಸಾಕು.

ಪಿಜಿ ಹೇಳಿದ್ದರಲ್ಲಿ ಒಂದಕ್ಕೆ ನನ್ನ ತಕರಾರು ಇದೆ. ಕೊನೆಯ ಕೇಸು ನನಗೆ ಬೇಡ. ಪ್ರಶ್ನೆಯಲ್ಲಿ ಕೇಳದ ಕೇಸನ್ನು ಹುಡುಗರು ಮನಸ್ಸಿಗೆ ಬಂದ ಸಂಖ್ಯೆ ಹಾಕಿ ಬರೆಯುತ್ತಾರೆ. ಎಂಸಿವಿ ಒಂದು, ಪಿಸಿವಿ ಒಂದು, ಎರಡಕ್ಕೂ ತಾಳೆಯೇ ಇರುವುದಿಲ್ಲ. ಬರೆಯುವುದೇ ಆದರೆ ಪಿಸಿವಿಯನ್ನು ಕಣಗಳ ಸಂಖ್ಯೆಯಿಂದ ಭಾಗಿಸಿ ಹತ್ತರಿಂದ ಗುಣಿಸಿ ನೋಡಿ. ಮೇಲಿನ ಕೇಸಿನಲ್ಲಿ 24 ÷ 4.0 × 10 = 60, ಅದು ಸರಿ ಇದೆ.

ಕಣ ಒಡೆಯುವ ಅನೀಮಿಯಾವನ್ನು ಎಲ್ಲರೂ ನಡುವಿನ ಗೂಡಿಗೆ ತಳ್ಳುತ್ತಾರೆ. ರೆಟಿಕ್ ಸಾಮಾನ್ಯ ಕಣಕ್ಕಿಂತ ದೊಡ್ಡದು. ಅದು ಬಹಳ ಏರಿದರೆ ಎಂಸಿವಿ 100 ದಾಟಬಹುದು. ಅದಕ್ಕೇ ರೆಟಿಕ್ ಮೊದಲು, ಗಾತ್ರ ಆಮೇಲೆ ಅನ್ನುವ ಕ್ರಮವನ್ನು ನಾನೂ ಒಪ್ಪುತ್ತೇನೆ.

ಹುಬ್ಬಳ್ಳಿ, ಪೆಥಾಲಜಿ ಪಿಜಿ

ಸರ್, ಕೇಸಿನ ವಿಷಯದಲ್ಲಿ ನಾನು ಹಟ ಬಿಡುವುದಿಲ್ಲ. ನಾಲ್ಕು ಸಾಲಿನ ಕೇಸು ಇದ್ದರೆ ಫ್ಲೋ ಅರ್ಥವಾಗಿದೆ ಅಂತ ಗೊತ್ತಾಗುತ್ತದೆ. ಸಂಖ್ಯೆ ತಾಳೆ ನೋಡಬೇಕು ಅನ್ನೋದು ಮಾತ್ರ ನೂರಕ್ಕೆ ನೂರು ಸರಿ.

ಗದಗ, ಎಂಬಿಬಿಎಸ್ ಎರಡನೇ ವರ್ಷದ ವಿದ್ಯಾರ್ಥಿನಿ

ನಿನ್ನೆ ರಾತ್ರಿ ಗಡಿಯಾರ ಇಟ್ಟುಕೊಂಡು ಬರೆದೆ. 21 ನಿಮಿಷ ಆಯಿತು. ಫ್ಲೋ ಹೀಗಿದೆ:

ಹಿಮೋಗ್ಲೋಬಿನ್ ಕಡಿಮೆ → ಸರಿಪಡಿಸಿದ ರೆಟಿಕ್

2ಕ್ಕಿಂತ ಜಾಸ್ತಿ → ಮಜ್ಜೆ ಸರಿ → ರಕ್ತಸ್ರಾವ ಇಲ್ಲಾ ಕಣ ಒಡೆಯುವುದು

2ಕ್ಕಿಂತ ಕಡಿಮೆ → ತಯಾರಿಕೆ ಕಡಿಮೆ → ಎಂಸಿವಿ, ಆರ್‌ಡಿಡಬ್ಲ್ಯೂ, ಸ್ಮಿಯರ್ → ಸಣ್ಣ, ಸಾಮಾನ್ಯ, ದೊಡ್ಡ

ಒಂದು ಕಡೆ ಸಿಕ್ಕಿಬಿದ್ದೆ ಅಕ್ಕಾ. ಬೈಕ್ ಆಕ್ಸಿಡೆಂಟ್ ಆಗಿ ಬೆಳಿಗ್ಗೆ ರಕ್ತ ಹೋದವನಿಗೆ ಸಂಜೆ ರೆಟಿಕ್ ಮಾಡಿದರೆ ಕಡಿಮೆಯೇ ಬರುತ್ತದಲ್ಲ? ನನ್ನ ಫ್ಲೋ ಅವನನ್ನು ತಯಾರಿಕೆ ಕಡಿಮೆ ಅನ್ನುವ ಕಡೆ ಕಳಿಸಿಬಿಡುತ್ತದೆ.

ಹುಬ್ಬಳ್ಳಿ, ಪೆಥಾಲಜಿ ಪಿಜಿ

ಕಳಿಸುತ್ತದೆ. ಮೊದಲ ಕೆಲವು ತಾಸು ಹಿಮೋಗ್ಲೋಬಿನ್ ಕೂಡ ಇಳಿದಿರುವುದಿಲ್ಲ, ಕಣವೂ ನೀರೂ ಒಟ್ಟಿಗೇ ಹೋಗಿರುತ್ತವೆ. ರೆಟಿಕ್ ಏರೋಕೆ ಮೂರರಿಂದ ಐದು ದಿನ ಬೇಕು, ತುದಿ ಮುಟ್ಟೋದು ವಾರದ ಮೇಲೆ. ಮೊದಲ ಬಾಣದ ಕೆಳಗೆ 'ರಕ್ತ ಹೋಗಿ ಎಷ್ಟು ದಿನ?' ಅಂತ ಸಣ್ಣದಾಗಿ ಬರೆ. ಆ 21 ನಿಮಿಷವನ್ನು ವ್ಯಾಖ್ಯೆಯಲ್ಲಿ ಕತ್ತರಿಸು, ಫ್ಲೋದಲ್ಲಿ ಬೇಡ.