ಸೂಕ್ಷ್ಮ ಚರ್ಮಕ್ಕೆ ವ್ಯಾಕ್ಸಾ, ಸಕ್ಕರೆ ಪಾಕವಾ?

ಕೇಳಿದವರು, ಮೈಸೂರು: ಪಾರ್ಲರಿನಲ್ಲಿ ಕೈಕಾಲಿಗೆ ವ್ಯಾಕ್ಸ್ ಮಾಡಿಸಿದರೆ ಮಾರನೇ ದಿನದಿಂದ ತುರಿಕೆ ಶುರುವಾಗುತ್ತದೆ. ಕೆಂಪು ದದ್ದು ನಾಲ್ಕೈದು ದಿನ ಇಳಿಯುವುದಿಲ್ಲ. ಸಕ್ಕರೆ, ನಿಂಬೆರಸದ ಪಾಕ ಒಳ್ಳೆಯದು ಅಂತಾರೆ. ಮನೆಯಲ್ಲಿ ಮಾಡಿದೆ, ಕಾಲಿನ ಕೂದಲು ಬರಲಿಲ್ಲ, ಪಾಕ ಪೂರಾ ಬೆರಳಿಗೆ ಅಂಟಿಕೊಂಡಿತು. ಮಾಡಿ ಗೊತ್ತಿರುವವರು ಹೇಳ್ತೀರಾ?

ಪಾರ್ಲರ್ ನಡೆಸುವವರು, ವಿಜಯನಗರ: ಮೊದಲು ದದ್ದು ಯಾವ ಥರದ್ದು ಅಂತ ನೋಡ್ಕೊಳ್ಳಿ. ಕೂದಲು ಕಿತ್ತ ತಕ್ಷಣ ಒಂದೊಂದು ಬುಡದಲ್ಲೂ ಸಣ್ಣ ಕೆಂಪು ಗುಳ್ಳೆ ಎದ್ದು ಮಾರನೇ ದಿನಕ್ಕೆ ಇಳಿದರೆ ಅದು ಕಿತ್ತ ಉರಿ ಅಷ್ಟೇ. ಸಕ್ಕರೆಯಲ್ಲೂ ಅದು ಆಗುತ್ತದೆ. ಎರಡು ಮೂರು ದಿನ ಬಿಟ್ಟು ಬಿಳಿ ತುದಿಯ ಕೀವು ಗುಳ್ಳೆ ಬಂದರೆ ಕೂದಲಿನ ಬುಡಕ್ಕೆ ಸೋಂಕು ತಗುಲಿದೆ ಅಂತ.

ನಿಮ್ಮದು ಮಾರನೇ ದಿನ ತುರಿಕೆಯಿಂದ ಶುರುವಾಗಿ, ವ್ಯಾಕ್ಸ್ ಹಚ್ಚಿದ ಜಾಗದಲ್ಲೆಲ್ಲ ಹರಡಿ ದಿನಗಟ್ಟಲೆ ಇರುತ್ತದೆ ಅಂದರೆ ನನಗೆ ಅನುಮಾನ ವ್ಯಾಕ್ಸಿನೊಳಗಿನ ರಾಳದ ಮೇಲೆ. ಪೈನ್ ಮರದ ಅಂಟು ಅದು. ತುಂಬಾ ವ್ಯಾಕ್ಸಿಗೆ ಅಂಟುಗುಣ ಬರೋದು ಅದರಿಂದಲೇ, ಕೆಲವರ ಚರ್ಮಕ್ಕೆ ಅದು ಆಗಿಬರುವುದಿಲ್ಲ. ಗಾಯದ ಪ್ಲಾಸ್ಟರ್ ಅಂಟಿಸಿದ ಕಡೆಯೂ ನಿಮಗೆ ಚೌಕಾಕಾರ ಕೆಂಪಾಗಿ ತುರಿಸುತ್ತದಾ? ಕೆಲವು ಪ್ಲಾಸ್ಟರಿನ ಅಂಟಿನಲ್ಲೂ ಅದೇ ಇರುತ್ತದೆ. ಹೌದಾದರೆ ಚರ್ಮದ ಡಾಕ್ಟರ ಹತ್ತಿರ ಪ್ಯಾಚ್ ಟೆಸ್ಟ್ ಮಾಡಿಸಿ. ಸಕ್ಕರೆ ಪಾಕದಲ್ಲಿ ರಾಳ ಇಲ್ಲ, ನಿಮಗೆ ಲಾಭ ಇರೋದು ಅಲ್ಲಿ.

ಕುವೆಂಪುನಗರದಿಂದ: ಸಕ್ಕರೆ ಹಿಡಿಯೋದು ಕೂದಲನ್ನು ಮಾತ್ರ, ಚರ್ಮವನ್ನು ಮುಟ್ಟೋದೇ ಇಲ್ಲ. ನೋವೂ ಇಲ್ಲ. ಒಂದೇ ಜಾಗಕ್ಕೆ ಎಷ್ಟು ಸಲ ಬೇಕಾದರೂ ಹಾಕಿ, ಏನೂ ಆಗಲ್ಲ. ನಾನು ಹಾಗೇ ಮಾಡೋದು.

ಪಾರ್ಲರ್ ನಡೆಸುವವರು: ಅರ್ಧ ಸರಿ ಮೇಡಂ. ವ್ಯಾಕ್ಸಿನಷ್ಟು ಗಟ್ಟಿಯಾಗಿ ಚರ್ಮಕ್ಕೆ ಕಚ್ಚಿಕೊಳ್ಳೋದಿಲ್ಲ, ನೀರಿಗೆ ಕರಗುತ್ತದೆ, ಉಗುರುಬೆಚ್ಚಗೆ ಹಚ್ಚಬಹುದು. ಅದೆಲ್ಲ ನಿಜ. ಆದರೆ ಕೂದಲು ಬುಡದಿಂದಲೇ ಬರಬೇಕಲ್ಲ, ನೋವಿಲ್ಲದೆ ಹೇಗೆ? ಸೂಕ್ಷ್ಮ ಚರ್ಮದವರು ಒಂದು ಜಾಗಕ್ಕೆ ಎರಡು ಸಲ ಸಾಕು ಮಾಡಬೇಕು. ಉಳಿದ ಒಂದೆರಡು ಕೂದಲನ್ನು ಚಿಮಟದಿಂದ ತೆಗೆಯಿರಿ. ಮೇಲಿಂದ ಮೇಲೆ ಹಾಕಿದರೆ ಚರ್ಮ ಹೊಳೆಯೋಕೆ ಶುರುವಾಗುತ್ತದೆ. ಆ ಹೊಳಪು ಕಂಡರೆ ಅಲ್ಲಿಗೇ ನಿಲ್ಲಿಸಿ, ಮೇಲಿನ ಪದರ ಎದ್ದುಬಂದಿದೆ ಅಂತ ಅದರರ್ಥ.

ಮಂಡ್ಯದಿಂದ, ಆಲೆಮನೆ ಮನೆತನದವರು: ನಿಮ್ಮ ತೊಂದರೆ ಇರೋದು ಪಾಕದಲ್ಲಿ. ಬೆರಳಿಗೆ ಅಂಟಿಕೊಂಡು ಬರಲಿಲ್ಲ ಅಂದರೆ ಪಾಕ ಎಳಸು, ನೀರು ಇನ್ನೂ ಉಳಿದಿದೆ.

ಒಂದು ಲೋಟ ಸಕ್ಕರೆಗೆ ಎರಡು ದೊಡ್ಡ ಚಮಚ ನಿಂಬೆರಸ, ಎರಡು ದೊಡ್ಡ ಚಮಚ ನೀರು. ದಪ್ಪ ತಳದ ಪಾತ್ರೆ, ಸಣ್ಣ ಉರಿ. ಸಕ್ಕರೆ ಕರಗುವವರೆಗೆ ಮಾತ್ರ ಕೈಯಾಡಿಸಿ, ಆಮೇಲೆ ಸುಮ್ನೆ ಬಿಡಿ. ಕುದಿಯುವಾಗ ಕದಡಿದರೆ, ಅಂಚಿಗೆ ಹತ್ತಿದ ಸಕ್ಕರೆ ಒಳಗೆ ಬಿದ್ದರೆ ಪಾಕ ಮರಳು ಮರಳಾಗುತ್ತದೆ. ನಿಂಬೆರಸ ಹಾಕೋದು ಚರ್ಮ ಬೆಳ್ಳಗಾಗಲಿ ಅಂತ ಅಲ್ಲ. ಹುಳಿ ಸಕ್ಕರೆಯನ್ನು ಒಡೆದು ಮತ್ತೆ ಹರಳುಗಟ್ಟದ ಹಾಗೆ ಮಾಡುತ್ತದೆ.

ಮೊದಲು ದೊಡ್ಡ ದೊಡ್ಡ ನೊರೆ ಬರುತ್ತದೆ. ಆಮೇಲೆ ಗುಳ್ಳೆ ಸಣ್ಣದಾಗಿ, ಒತ್ತೊತ್ತಾಗಿ, ನಿಧಾನಕ್ಕೆ ಒಡೆಯುತ್ತದೆ. ಬಣ್ಣ ತಿಳಿ ಜೇನಿನ ಹಾಗೆ ತಿರುಗಿತು ಅಂದಾಗ ತಣ್ಣೀರಿನ ಬಟ್ಟಲಿಗೆ ಒಂದು ತೊಟ್ಟು ಬಿಡಿ. ನೀರೊಳಗೆ ಹರಡಿದರೆ ಇನ್ನೂ ಕಾಯಬೇಕು. ಬೆರಳಲ್ಲಿ ಕೂಡಿಸಿದರೆ ಮೆತ್ತಗೆ ಉಂಡೆಯಾಗಿ, ಹೊರಗೆ ತೆಗೆದರೆ ನಿಧಾನಕ್ಕೆ ಚಪ್ಪಟೆಯಾದರೆ ಅದೇ ಹದ. ಕಜ್ಜಾಯದ ಪಾಕ ಮಾಡಿ ಗೊತ್ತಿರೋರಿಗೆ ಇದು ಹೊಸದಲ್ಲ. ಥರ್ಮಾಮೀಟರ್ ಇದ್ದರೆ 118ರಿಂದ 120 ಡಿಗ್ರಿ ಸೆಲ್ಸಿಯಸ್. ನೀರಿಗೆ ಬಿದ್ದದ್ದು ಟಣ್ ಅಂದರೆ ಕಡ್ಲೆಮಿಠಾಯಿಗೆ ಸರಿ, ಕಾಲಿಗಲ್ಲ. ಆಗ ಒಂದು ಚಮಚ ನೀರು ಹಾಕಿ ಮತ್ತೆ ಕರಗಿಸಿ. ಎಳಸಾಗಿದ್ದರೂ ಬಿಸಾಡಬೇಡಿ, ಇನ್ನೊಂದೆರಡು ನಿಮಿಷ ಕುದಿಸಿದರೆ ಆಯ್ತು.

ಒಲೆಯಿಂದ ಇಳಿಸಿದ ಪಾಕ ಕುದಿಯುವ ನೀರಿಗಿಂತ ಬಿಸಿ, ಮೇಲೆ ಬಿದ್ದರೆ ಕಚ್ಚಿಕೊಂಡು ಸುಡುತ್ತದೆ. ಮೇಲೆ ತಣ್ಣಗಿದ್ದರೂ ನಡುವೆ ಕೆಂಡ. ಪಾತ್ರೆಯ ತಳ ಮುಟ್ಟೋಕೆ ಆಗುವವರೆಗೆ ಕಾಯಿರಿ, ಮಕ್ಕಳನ್ನು ಅಡುಗೆಮನೆಗೆ ಬಿಡಬೇಡಿ.

ಶ್ರೀರಂಗಪಟ್ಟಣದಿಂದ: ಅಣ್ಣ, ಮನೆಯಲ್ಲಿ ಬೆಲ್ಲ ಇದೆಯಲ್ಲ, ಅದನ್ನೇ ಹಾಕಿದರೆ ಆಗಲ್ವಾ?

ಮಂಡ್ಯದಿಂದ: ಒಂದೊಂದು ಸಲ ಆಗುತ್ತದೆ, ಒಂದೊಂದು ಸಲ ಇಲ್ಲ. ಬೆಲ್ಲದಲ್ಲಿ ನೀರಿನಂಶ ಅಚ್ಚಿಗೊಂದು ಥರ. ಬಣ್ಣ ಮೊದಲೇ ಕಪ್ಪು, ಹದ ಕಣ್ಣಿಗೆ ಗೊತ್ತಾಗಲ್ಲ. ಕಬ್ಬಿನ ಹಾಲು ತಿಳಿಯಾಗಲಿ ಅಂತ ಸುಣ್ಣ ಹಾಕ್ತಾರೆ, ಕೆಲವು ಕಡೆ ಬೆಲ್ಲದ ಬಣ್ಣ ತಿಳಿಯಾಗಲಿ ಅಂತ ಹೈಡ್ರೋಸ್ ಅನ್ನೋ ರಾಸಾಯನಿಕವನ್ನೂ ಹಾಕ್ತಾರೆ. ದದ್ದು ಏಳುವ ಚರ್ಮಕ್ಕೆ ಬಿಳಿ ಸಕ್ಕರೆಯೇ ಇರಲಿ.

ಗಾಂಧಿನಗರ, ಮಂಡ್ಯ: ನನಗೆ ಶುಗರ್ ಇದೆ. ಮಾತ್ರೆ ತಗೋತೀನಿ. ಸಕ್ಕರೆ ಹಚ್ಚಿದರೆ ಶುಗರ್ ಏರುತ್ತದಾ?

ಪಾರ್ಲರ್ ನಡೆಸುವವರು: ಹಚ್ಚಿದ್ದಕ್ಕೆ ಏರೋದಿಲ್ಲಮ್ಮ. ಆದರೆ ಶುಗರ್ ಇರೋರ ಕಾಲಿನ ಗಾಯ ಬೇಗ ವಾಸಿಯಾಗಲ್ಲ, ಬಿಸಿ ತಾಗಿದ್ದು ಕೂಡ ಕೆಲವರಿಗೆ ಗೊತ್ತಾಗಲ್ಲ. ಕಾಲಿಗೆ ಮಾಡೋ ಮುಂಚೆ ನಿಮ್ಮ ಡಾಕ್ಟರನ್ನು ಕೇಳಿ. ವ್ಯಾಕ್ಸಿಗೂ ಇದೇ ಮಾತು.

ಕೇಳಿದವರು: ಪ್ಲಾಸ್ಟರಿಗೆ ತುರಿಕೆ ನಿಜ, ಚೌಕಾಕಾರವೇ! ಪಾಕ ಈ ಸಲ ಉಂಡೆಯಾಯಿತು. ಮೊದಲ ಎರಡು ಎಳೆತ ಚೆನ್ನಾಗಿ ಬಂತು, ಆಮೇಲೆ ಮತ್ತೆ ಜಿಗುಟು. ಯಾಕೆ?

ಪಾರ್ಲರ್ ನಡೆಸುವವರು: ನಿಮ್ಮ ಕೈಬಿಸಿ ಮತ್ತು ಬೆವರು. ಸಕ್ಕರೆ ತೇವ ಎಳೆದುಕೊಳ್ಳುತ್ತದೆ, ಏಪ್ರಿಲ್ ಮಧ್ಯಾಹ್ನ ಮೈಸೂರಿನಲ್ಲೂ ಇದು ಕಷ್ಟ. ಬೆಳಗ್ಗೆ, ಫ್ಯಾನ್ ಕೆಳಗೆ ಕೂತು ಮಾಡಿ. ಕಾಲು ತೊಳೆದು ಪೂರ್ತಿ ಒರೆಸಿ, ಎಣ್ಣೆ ಲೋಷನ್ ಬೇಡ, ಕಾರ್ನ್‌ಫ್ಲೋರ್ ತೆಳ್ಳಗೆ ಸವರಿ. ಕೂದಲು ಅರ್ಧ ಸೆಂಟಿಮೀಟರ್ ಇರಬೇಕು.

ನಿಂಬೆಹಣ್ಣು ಗಾತ್ರದ ಉಂಡೆ ತಗೊಂಡು, ಬಣ್ಣ ಮಾಸಿ ಬಿಳಿಚುವವರೆಗೆ ಎಳೆದು ಮಡಚಿ. ಕೂದಲು ಬೆಳೆದ ದಿಕ್ಕಿಗೆ ಎದುರಾಗಿ ಎರಡು ಮೂರು ಸಲ ಒತ್ತಿ ಹರಡಿ. ಇನ್ನೊಂದು ಕೈಯಲ್ಲಿ ಚರ್ಮ ಬಿಗಿ ಹಿಡಿದು, ಬೆಳೆದ ದಿಕ್ಕಿಗೇ ಚರ್ಮದ ಮಟ್ಟದಲ್ಲಿ ಚಿಮ್ಮಿ ಎಳೆಯಿರಿ. ಮೇಲಕ್ಕೆ ಎತ್ತಬೇಡಿ. ಉಂಡೆ ಸಡಿಲ ಆದ ಕೂಡಲೇ ಬದಿಗಿಟ್ಟು ಹೊಸದು ತಗೊಳ್ಳಿ, ಕೈ ತಣ್ಣೀರಲ್ಲಿ ತೊಳೆದು ಒರೆಸಿಕೊಳ್ಳಿ. ಕಾಲಿಗೆ ಅಂಟಿ ನಿಂತರೆ ಕೀಳಬೇಡಿ, ಬೆಚ್ಚನೆಯ ನೀರು ಹುಯ್ದರೆ ಕರಗಿ ಹೋಗುತ್ತದೆ. ಮೊದಲು ಮುಂಗೈ ಮೇಲೆ ಎರಡು ಬೆರಳಗಲ ಮಾಡಿ, ಎರಡು ದಿನ ನೋಡಿ.

ಇನ್ನೊಂದು ಮಾತು. ಮೊಡವೆಗೆ ಅಡಾಪಲೀನ್, ಟ್ರೆಟಿನಾಯಿನ್ ಹಚ್ಚುತ್ತಿದ್ದರೆ ಆ ಜಾಗಕ್ಕೆ ವ್ಯಾಕ್ಸೂ ಬೇಡ, ಸಕ್ಕರೆಯೂ ಬೇಡ. ಐಸೊಟ್ರೆಟಿನಾಯಿನ್ ಮಾತ್ರೆ ತಗೊಳ್ಳೋರು ಎಲ್ಲಿಗೂ ಮಾಡಬಾರದು, ಚರ್ಮ ಕಿತ್ತು ಬರುತ್ತದೆ. ಮಾತ್ರೆ ನಿಲ್ಲಿಸಿದ ಮೇಲೂ ಎಷ್ಟು ಕಾಯಬೇಕು ಅಂತ ಡಾಕ್ಟರೇ ಹೇಳಬೇಕು.

ಕುವೆಂಪುನಗರದಿಂದ: ಬೆಳೆದ ದಿಕ್ಕಿಗೇ ಎಳೆದರೆ ಒಳಗೆ ಸುರುಳಿಯಾಗುವ ಕೂದಲು ಬರೋದೇ ಇಲ್ಲ ನೋಡಿ.

ಪಾರ್ಲರ್ ನಡೆಸುವವರು: ಕೂದಲು ನಡುವೆ ತುಂಡಾಗೋದು ಕಡಿಮೆ, ಅದನ್ನು ಒಪ್ತೀನಿ. ಬರೋದೇ ಇಲ್ಲ ಅನ್ನೋದನ್ನು ಒಪ್ಪಲ್ಲ. ನನ್ನ ಹತ್ತಿರ ಗುಂಗುರು ಕೂದಲಿನವರು ಬರ್ತಾರೆ, ಅವರಿಗೆ ಎರಡರಲ್ಲೂ ಆಗುತ್ತದೆ.

ಕೇಳಿದವರು: ಮುಂಗೈ ಮೇಲೆ ಮಾಡಿ ನೋಡಿದೆ. ಸಂಜೆವರೆಗೆ ಸಣ್ಣ ಕೆಂಪು ಇತ್ತು, ಎರಡು ದಿನವಾದರೂ ತುರಿಕೆ ಬರಲಿಲ್ಲ. ಕಂಕುಳಿಗೂ ಮನೆಯಲ್ಲೇ ಮಾಡಬಹುದಾ?

ಮಂಡ್ಯದಿಂದ: ನಮ್ಮ ಮನೆಯವಳು ಮಾಡ್ಕೋತಾಳೆ, ಏನೂ ತೊಂದರೆ ಇಲ್ಲ ಅಂತಾಳೆ.

ಪಾರ್ಲರ್ ನಡೆಸುವವರು: ನಾನು ಬೇಡ ಅಂತೀನಿ. ಅಲ್ಲಿ ಕೂದಲು ಎರಡು ಮೂರು ದಿಕ್ಕಿಗೆ ಬೆಳೆದಿರುತ್ತದೆ, ಬೆವರು ಜಾಸ್ತಿ, ಒಂದೇ ಕೈಯಲ್ಲಿ ಚರ್ಮ ಬಿಗಿ ಹಿಡಿಯೋಕೂ ಆಗಲ್ಲ. ಮೊದಲು ಕಾಲಿನ ಮೇಲೆ ಕೈ ಪಳಗಲಿ.