ಇಸಿಜಿ ಸರಿ ಇದೆ ಅಂತಾರೆ, ಮತ್ತೆ ಬಸ್ಸಿನಲ್ಲಿ ಎದೆ ಯಾಕೆ ಹಾಗೆ ಬಡಿಯಿತು?

ಪ್ರಶ್ನೆ (ಹುಬ್ಬಳ್ಳಿ, ವಯಸ್ಸು 27)

ಮೇಡಂ, ಹೋದ ತಿಂಗಳು ಚಿಗರಿ ಬಸ್ಸಿನಲ್ಲಿ ಧಾರವಾಡಕ್ಕೆ ಹೊರಟಿದ್ದೆ. ಗದ್ದಲ ಇತ್ತು, ನಿಂತಿದ್ದೆ. ಉಣಕಲ್ ಹತ್ತಿರ ಎದೆ ಡಬಡಬ ಅನ್ನೋಕೆ ಶುರುವಾಯಿತು. ವಾಚ್ ನೋಡಿದೆ, 112. ಮತ್ತೆ ನೋಡಿದೆ, 121. ನವನಗರ ಬರುವಷ್ಟರಲ್ಲಿ 134, ಬೆರಳೆಲ್ಲ ಜುಮುಜುಮು, ತುಟಿ ಮರಗಟ್ಟಿದ ಹಾಗೆ. ಸತ್ತೇ ಹೋಗುತ್ತೇನೆ ಅನ್ನಿಸಿತು. ಇಳಿದು ಆಟೋ ಹಿಡಿದು ಆಸ್ಪತ್ರೆಗೆ ಹೋದೆ. ಇಸಿಜಿ, ರಕ್ತ, ಥೈರಾಯ್ಡ್ ಎಲ್ಲ ನೋಡಿ, ಸರಿ ಇದೆ, ಟೆನ್ಷನ್ ಮಾಡ್ಕೋಬೇಡ ಎಂದು ಎರಡು ನಿಮಿಷದಲ್ಲಿ ಕಳಿಸಿದರು. ಆದರೆ ಇಸಿಜಿ ಕಾಗದದ ಮೇಲೆ "ಸೈನಸ್ ಟ್ಯಾಕಿಕಾರ್ಡಿಯಾ, 116" ಎಂದು ಅಚ್ಚಾಗಿದೆ. ಆವತ್ತು ನನಗೆ ಯಾವ ಟೆನ್ಷನ್ನೂ ಇರಲಿಲ್ಲ. ಈಗ ಬಸ್ ಹತ್ತೋಕೇ ಭಯ. ನಿಜವಾಗಿ ಹೃದಯ ಸರಿ ಇದೆಯಾ?

ಗದಗದ ಒಬ್ಬರು

ತಮ್ಮಾ, ಸೈನಸ್ ಅಂದ್ರೆ ಮೂಗಿನದು. ನನಗೂ ಇದೆ. ದಿನಾ ರಾತ್ರಿ ನೀಲಗಿರಿ ಎಣ್ಣೆ ಹಾಕಿ ಆವಿ ತಗೋ, ತಲೆಭಾರ ಇಳಿಯುತ್ತದೆ.

ಉತ್ತರ (ಮನೋವೈದ್ಯೆ, ಧಾರವಾಡ)

ಅಣ್ಣಾ, ಆವಿ ನಿಮ್ಮ ಮೂಗಿಗೆ ಇರಲಿ, ಇದು ಆ ಸೈನಸ್ ಅಲ್ಲ. ಹೃದಯದ ಮೇಲ್ಭಾಗದಲ್ಲಿ, ಬಲಗಡೆ, ಬಡಿತ ಹುಟ್ಟುವ ಒಂದು ಜಾಗ ಇದೆ. ಅದಕ್ಕೆ ಸೈನಸ್ ನೋಡ್ ಅಂತಾರೆ. ಕಾಗದದ ಮೇಲಿನ ಆ ಎರಡು ಪದಗಳ ಅರ್ಥ ಇಷ್ಟೇ: ಬಡಿತ ಹುಟ್ಟಬೇಕಾದ ಜಾಗದಲ್ಲೇ ಹುಟ್ಟಿದೆ, ಹೋಗಬೇಕಾದ ದಾರಿಯಲ್ಲೇ ಹೋಗಿದೆ, ನಿಮಿಷಕ್ಕೆ 100ರ ಮೇಲಿದೆ. ಅದು ಕಾಯಿಲೆಯ ಹೆಸರಲ್ಲ. ಮೆಟ್ಟಿಲು ಹತ್ತಿ ಬಂದು ಕೂಡಲೇ ಇಸಿಜಿ ಮಾಡಿಸಿದರೂ ಅದೇ ಅಚ್ಚಾಗುತ್ತದೆ. ತಮ್ಮಾ, ನಿಮ್ಮ ಅದೃಷ್ಟ ಅಂದ್ರೆ ಎದೆ ಬಡಿಯುತ್ತಿರುವಾಗಲೇ ನಿಮ್ಮ ಇಸಿಜಿ ಆಗಿದೆ. ತುಂಬಾ ಜನರಿಗೆ ಎಲ್ಲ ಇಳಿದ ಮೇಲೆ ಆಗುತ್ತದೆ, ಆಗ ಅದರಿಂದ ಗೊತ್ತಾಗೋದು ಕಮ್ಮಿ.

ಈಗ ಬಡಿತ ಯಾಕೆ ಏರಿತು ಅನ್ನೋದಕ್ಕೆ ಬರೋಣ. ಆ ಸೈನಸ್ ನೋಡನ್ನು ಅದರ ಪಾಡಿಗೆ ಬಿಟ್ಟರೆ ನಿಮಿಷಕ್ಕೆ ಸುಮಾರು 100 ಬಡಿಯುತ್ತದೆ. ನಾವು ಸುಮ್ನೆ ಕೂತಾಗ 70 ಇರೋದು ಯಾಕೆ? ಮೆದುಳಿನಿಂದ ಇಳಿದು ಬರುವ ವೇಗಸ್ ಅನ್ನುವ ನರ ಎಲ್ಲ ಹೊತ್ತೂ ಅದರ ಮೇಲೆ ಬ್ರೇಕ್ ಒತ್ತಿ ಹಿಡಿದಿರುತ್ತದೆ. ಅಪಾಯ ಅಂತ ಮೆದುಳಿಗೆ ಅನ್ನಿಸಿದ ಕೂಡಲೇ ಅದು ಮಾಡುವ ಮೊದಲ ಕೆಲಸ ಆ ಬ್ರೇಕ್ ಸಡಿಲ ಬಿಡೋದು. ಒಂದೆರಡು ಬಡಿತದೊಳಗೆ ಫರಕು ಕಾಣುತ್ತದೆ. ಅದಕ್ಕೇ ನಿಮಗೆ ಎದೆಯೊಳಗೆ ಏನೋ ಕಳಚಿದ ಹಾಗೆ ಅನ್ನಿಸೋದು. ಆಮೇಲೆ ಇನ್ನೊಂದು ಕಡೆಯ ನರಗಳು ಎಕ್ಸಲರೇಟರ್ ಒತ್ತುತ್ತವೆ. ಅದರ ಬೆನ್ನಿಗೇ ಮೂತ್ರಪಿಂಡದ ಮೇಲೆ ಟೋಪಿ ಹಾಗೆ ಕೂತಿರುವ ಗ್ರಂಥಿಗಳು ರಕ್ತಕ್ಕೆ ಅಡ್ರಿನಲಿನ್ ಬಿಡುತ್ತವೆ, ಬಡಿತದ ಜೋರೂ ಹೆಚ್ಚುತ್ತದೆ. ಓಡೋಕೆ ಅಥವಾ ಹೊಡೆದಾಡೋಕೆ ಕಾಲಿಗೆ, ತೋಳಿಗೆ ರಕ್ತ ಬೇಕಲ್ಲ, ಅದರ ತಯಾರಿ ಇದು. ನಾಯಿ ಅಟ್ಟಿಸಿಕೊಂಡು ಬಂದಿದ್ದರೆ ನೀವು ಓಡುತ್ತಿದ್ದಿರಿ, ಬಡಿತದ ಕಡೆ ಲಕ್ಷ್ಯವೇ ಹೋಗುತ್ತಿರಲಿಲ್ಲ. ಬಸ್ಸಿನಲ್ಲಿ ಕಂಬಿ ಹಿಡಿದು ನಿಂತವರಿಗೆ ಓಡೋ ಕೆಲಸ ಇಲ್ಲ, ಹಾಗಾಗಿ ಒಂದೊಂದು ಬಡಿತವೂ ಕೇಳುತ್ತದೆ.

"ಟೆನ್ಷನ್ ಇರಲಿಲ್ಲ" ಅಂದಿರಿ. ನಂಬುತ್ತೇನೆ. ಈ ಅಲಾರಂ ಹೊಡೆಯೋಕೆ ನೀವು ಕೂತು ಚಿಂತೆ ಮಾಡಿರಬೇಕು ಅಂತಿಲ್ಲ. ಒಂದು ಕೇಳಲಾ? ಆವತ್ತು ಬೆಳಗ್ಗೆ ಏನು ತಿಂದಿದ್ರಿ, ಚಹಾ ಎಷ್ಟು ಕುಡಿದಿದ್ರಿ, ಹಿಂದಿನ ರಾತ್ರಿ ನಿದ್ದೆ ಹೇಗಿತ್ತು?

ಪ್ರಶ್ನೆ ಕೇಳಿದವರು

ತಿಂದಿರಲಿಲ್ಲ ಮೇಡಂ. ಎರಡು ಕಟ್ ಚಹಾ ಆಗಿತ್ತು. ನೈಟ್ ಶಿಫ್ಟ್ ಮುಗಿಸಿ ಹಾಗೇ ಹೊರಟಿದ್ದೆ, ಮೂರು ತಾಸು ನಿದ್ದೆ. ಇದರಿಂದ 134 ಆಗುತ್ತಾ?

ಉತ್ತರ (ಮನೋವೈದ್ಯೆ)

ಇದರಿಂದ 134 ಆಗೋದಿಲ್ಲ. 112 ಆಗಬಹುದು. ಉಳಿದ 22 ಎಲ್ಲಿಂದ ಬಂತು ಅನ್ನೋದೇ ನಿಮ್ಮ ಕಥೆಯ ಮುಖ್ಯ ಭಾಗ.

ನಿಂತಾಗ ರಕ್ತ ಕಾಲಿನ ಕಡೆ ಇಳಿಯುತ್ತದೆ, ಅದನ್ನು ಸರಿದೂಗಿಸೋಕೆ ಬಡಿತ ಹತ್ತಿಪ್ಪತ್ತು ಏರೋದು ಎಲ್ಲರಿಗೂ ಇದ್ದದ್ದೇ. ಅದರ ಮೇಲೆ ಸೆಕೆ, ಖಾಲಿ ಹೊಟ್ಟೆಯ ಚಹಾ, ನಿದ್ದೆಗೆಟ್ಟ ಮೈ. ಇಲ್ಲಿಯವರೆಗೆ ಭಯದ ಮಾತೇ ಇಲ್ಲ. ಆಮೇಲೆ ನೀವು ವಾಚ್ ನೋಡಿದಿರಿ. "ಅಯ್ಯೋ, 112, ಎದೆಗೆ ಏನೋ ಆಗಿದೆ" ಎಂದು ತಲೆಗೆ ಬಂತು. ಅಪಾಯ ಹೊರಗೆ ಎಲ್ಲೂ ಇಲ್ಲ, ನಿಮ್ಮ ಬಡಿತವೇ ಅಪಾಯದ ಸುದ್ದಿ ಆಯಿತು. ಮೆದುಳಿನ ಒಳಗೆ ಅಮಿಗ್ಡಲಾ ಅಂತ ಬಾದಾಮಿ ಆಕಾರದ ಚಿಕ್ಕ ಭಾಗ ಇದೆ, ಗಂಟೆ ಬಾರಿಸೋರಲ್ಲಿ ಅದು ಮುಖ್ಯ. ನಿಜವಾದ ಬೆಂಕಿಯೋ ಒಗ್ಗರಣೆ ಹೊಗೆಯೋ ಎಂದು ಅದು ಕೂತು ವಿಚಾರ ಮಾಡೋದಿಲ್ಲ, ಗಂಟೆ ಬಾರಿಸಿಬಿಡುತ್ತದೆ. ಬಡಿತ 121. ನೀವು ಮತ್ತೆ ವಾಚ್ ನೋಡಿದಿರಿ. ಮತ್ತೆ ಗಂಟೆ. ರಕ್ತದಲ್ಲಿನ ಅಡ್ರಿನಲಿನ್ ಎರಡು ಮೂರು ನಿಮಿಷದಲ್ಲಿ ಅರ್ಧಕ್ಕೆ ಇಳಿಯುತ್ತದೆ, ಆದರೆ ಪ್ರತಿ ಸಲ ನೋಡಿದಾಗಲೂ ಹೊಸದು ಬೀಳುತ್ತಿದ್ದರೆ ಇಳಿಯೋದು ಹೇಗೆ? ಇಂಥ ಪ್ಯಾನಿಕ್ ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ತುದಿಗೆ ಏರಿ ಅರ್ಧ ತಾಸಿನೊಳಗೆ ಇಳಿಯೋದು. ಆಸ್ಪತ್ರೆಗೆ ಮುಟ್ಟುವಷ್ಟರಲ್ಲಿ ನಿಮ್ಮದು 116ಕ್ಕೆ ಬಂದಿತ್ತು, ನೋಡಿ.

ಹೃದಯಕ್ಕೆ 134 ಅಂದ್ರೆ ಎಷ್ಟು? ನಿಮ್ಮ ವಯಸ್ಸಿನಲ್ಲಿ ಹೃದಯ ಅಂದಾಜು 190ರ ತನಕ ಹೋಗಬಲ್ಲದು. ನೃಪತುಂಗ ಬೆಟ್ಟವನ್ನು ಬಿರುಸಾಗಿ ಹತ್ತಿದಾಗ ವಾಚ್ ಈ 134ರಷ್ಟೇ ತೋರಿಸಿರುತ್ತದೆ. ಅಲ್ಲಿ ಯಾಕೆ ಹೆದರಲಿಲ್ಲ? ಕಾರಣ ಗೊತ್ತಿತ್ತು, ಅಲ್ವಾ?

ಹಾವೇರಿಯ ಒಬ್ಬರು (ಜಿಮ್ ತರಬೇತಿ ಕೊಡುತ್ತೇನೆ)

ಮೇಡಂ ಹೇಳಿದ್ದು ಖರೆ. ಇಂಥ ಹೊತ್ತಿನಲ್ಲಿ ಆಕ್ಸಿಜನ್ ಕಮ್ಮಿ ಆಗಿರುತ್ತದೆ, ಅದಕ್ಕೇ ಜುಮುಜುಮು. ಬಾಯಿ ತೆರೆದು ದೊಡ್ಡ ದೊಡ್ಡ ಉಸಿರು ಎಳೀರಿ, ಸರಿ ಹೋಗುತ್ತದೆ. ನಾನು ಹುಡುಗರಿಗೆ ಇದನ್ನೇ ಹೇಳೋದು.

ಉತ್ತರ (ಮನೋವೈದ್ಯೆ)

ಸರ, ಉಸಿರಿನ ಕಡೆ ಬೆರಳು ತೋರಿಸಿದ್ದು ಸರಿ, ದಿಕ್ಕು ಮಾತ್ರ ಉಲ್ಟಾ. ಆಕ್ಸಿಜನ್ ಕಮ್ಮಿ ಇರೋದಿಲ್ಲ. ಕೋವಿಡ್ ಕಾಲದ ಬೆರಳಿಗೆ ಸಿಕ್ಕಿಸುವ ಮೀಟರ್ ಮನೆಯಲ್ಲಿದ್ದರೆ ಹಾಕಿ ನೋಡಿ, 98, 99 ಇರುತ್ತದೆ. ಭಯದಲ್ಲಿ ನಾವು ಬೇಕಾದ್ದಕ್ಕಿಂತ ಜಾಸ್ತಿ ಉಸಿರಾಡುತ್ತೇವೆ. ಕಾರ್ಬನ್ ಡೈಆಕ್ಸೈಡ್ ಅತಿಯಾಗಿ ಹೊರಗೆ ಹೋಗುತ್ತದೆ. ಅದು ಕಮ್ಮಿ ಆದಾಗಲೇ ಬೆರಳು, ತುಟಿ ಜುಮುಗುಟ್ಟೋದು, ತಲೆ ಹಗುರಾಗೋದು. ಆ ಹೊತ್ತಿನಲ್ಲಿ ಇನ್ನೂ ದೊಡ್ಡ ಉಸಿರು ಎಳೆದರೆ ಜುಮುಜುಮು ಹೆಚ್ಚುತ್ತದೆ, ಅದನ್ನು ನೋಡಿ ಭಯ ಹೆಚ್ಚುತ್ತದೆ.

ಮಾಡಬೇಕಾದ್ದು ನಿಧಾನ, ಚಿಕ್ಕ ಉಸಿರು, ಮೂಗಿನಿಂದ. ಬಿಡೋದು ಎಳೆಯೋದಕ್ಕಿಂತ ಉದ್ದ ಇರಲಿ. ಯಾಕೆ ಅಂದ್ರೆ ಉಸಿರು ಬಿಡುವಾಗ ಆ ವೇಗಸ್ ಬ್ರೇಕ್ ಸ್ವಲ್ಪ ಬಿಗಿಯಾಗುತ್ತದೆ. ನಂಬಿಕೆ ಬರದಿದ್ದರೆ ಈಗಲೇ ಮಣಿಕಟ್ಟಿನ ಮೇಲೆ, ಹೆಬ್ಬೆರಳಿನ ಬುಡದ ಕೆಳಗೆ ಎರಡು ಬೆರಳು ಇಟ್ಟು ನೋಡಿ. ಎಳೆಯುವಾಗ ನಾಡಿ ಒಂದಿಷ್ಟು ಚುರುಕು, ಉದ್ದಕ್ಕೆ ಬಿಡುವಾಗ ಮಂದ. ಚಿಕ್ಕ ವಯಸ್ಸಿನವರಲ್ಲಿ ಚೆನ್ನಾಗಿ ಗೊತ್ತಾಗುತ್ತದೆ.

ಧಾರವಾಡದ ಒಬ್ಬರು (ಆಪ್ತಸಮಾಲೋಚಕಿ)

ಅಕ್ಕಾ, ಇಲ್ಲಿ ನನ್ನದೊಂದು ತಕರಾರು. ಉಸಿರಿನ ಅಭ್ಯಾಸ ಕೊಟ್ಟರೆ ಕೆಲವರು ಅದನ್ನೇ ತಾಯಿತ ಮಾಡಿಕೊಳ್ಳುತ್ತಾರೆ. "ಉಸಿರು ಸರಿ ಮಾಡಿದ್ದಕ್ಕೆ ಬದುಕಿದೆ, ಇಲ್ಲದಿದ್ದರೆ ಹೋಗೇಬಿಡುತ್ತಿದ್ದೆ" ಅಂತ ನಂಬಿದರೆ ಭಯದ ಬೇರು ಹಾಗೇ ಉಳಿಯುತ್ತದೆ. ಏನೂ ಮಾಡದೆ ನಿಂತರೂ ಬಡಿತ ತಾನೇ ಇಳಿಯುತ್ತದೆ ಅಂತ ಒಮ್ಮೆ ಕಣ್ಣಾರೆ ನೋಡಬೇಕು.

ಉತ್ತರ (ಮನೋವೈದ್ಯೆ)

ಈ ತಕರಾರು ನಮ್ಮವರಲ್ಲೇ ಇದೆ, ಪೂರ್ತಿ ಬಗೆಹರಿದಿಲ್ಲ. ನಾನು ಮೊದಲ ಕೆಲವು ವಾರ ಉಸಿರು ಹೇಳಿಕೊಡುತ್ತೇನೆ, ಆಮೇಲೆ ಬಿಡಿಸುತ್ತೇನೆ. ವಾಚ್ ಮಾತ್ರ ಮೊದಲ ದಿನವೇ ಬಿಚ್ಚಿಸುತ್ತೇನೆ.

ಗದಗದ ನಿವೃತ್ತ ಮೇಷ್ಟ್ರು

ಡಾಕ್ಟರಮ್ಮ, ನನಗೂ ಇದೇ. 61 ವಯಸ್ಸು. ಪೇಪರ್ ಓದುತ್ತಾ ಕೂತಿರುತ್ತೇನೆ, ಟಕ್ ಎಂದು ಸ್ವಿಚ್ ಒತ್ತಿದ ಹಾಗೆ ಬಡಿತ ಶುರು. ಮಗ ಎಣಿಸಿದರೆ 180. ಹತ್ತಿಪ್ಪತ್ತು ನಿಮಿಷ ಇದ್ದು ಟಕ್ ಎಂದು ನಿಲ್ಲುತ್ತದೆ. ಆಮೇಲೆ ಇಸಿಜಿ ಮಾಡಿಸಿದರೆ ಸರಿ ಇರುತ್ತದೆ. ಗ್ಯಾಸ್ ಅಂದ್ರು ಒಬ್ಬರು, ಚಿಂತೆ ಅಂದ್ರು ಒಬ್ಬರು. ನಾನೂ ವಾಚ್ ಬಿಚ್ಚಿಡಲಾ?

ಉತ್ತರ (ಮನೋವೈದ್ಯೆ)

ಸರ, ದಯವಿಟ್ಟು ಇದನ್ನು ಭಯ ಅಂತ ಬಿಡಬೇಡಿ. ನಿಮ್ಮದು ಬೇರೆ ಥರ ಕಾಣುತ್ತದೆ. ಭಯದ ಬಡಿತ ಏರು ಹತ್ತಿದ ಹಾಗೆ ಏರಿ, ಹಾಗೇ ನಿಧಾನ ಇಳಿಯುತ್ತದೆ. ಆ ತಮ್ಮನ ಅಂಕಿ ನೋಡಿ: 112, 121, 134, ಆಮೇಲೆ 116. ಸ್ವಿಚ್ ಹಾಗೆ ಹತ್ತಿ ಸ್ವಿಚ್ ಹಾಗೆ ಆರೋದು, ಸುಮ್ನೆ ಕೂತಾಗ 150ರ ಮೇಲೆ ಹೋಗೋದು, ಇದು ಹೃದಯದ ಒಳಗಿನ ವಿದ್ಯುತ್ ದಾರಿ ಎಲ್ಲೋ ಸುತ್ತಿಕೊಂಡಾಗ ಆಗಬಹುದು. ನಿಂತ ಮೇಲೆ ತೆಗೆದ ಇಸಿಜಿಯಲ್ಲಿ ಅದು ಎಷ್ಟೋ ಸಲ ಸಿಗೋದಿಲ್ಲ. ಹೃದಯದ ಡಾಕ್ಟರರ ಹತ್ತಿರ ಈ ವಾರವೇ ಹೋಗಿ, "ಸ್ವಿಚ್ ಹಾಗೆ" ಅನ್ನೋ ಮಾತನ್ನೇ ಹೇಳಿ. ಇಪ್ಪತ್ತನಾಲ್ಕು ತಾಸು ಅಥವಾ ಇನ್ನೂ ಹೆಚ್ಚು ದಿನ ಮೈಮೇಲೆ ಕಟ್ಟಿ ಬಡಿತ ಬರೆದಿಡುವ ಹೋಲ್ಟರ್ ಅನ್ನುವ ಯಂತ್ರ ಇಡಬಹುದು. ಮತ್ತೆ ಬಂದಾಗ ಕೂಡಲೇ ಹತ್ತಿರದ ಆಸ್ಪತ್ರೆಗೆ ಹೋಗಿ ಬಡಿತ ಇರುವಾಗಲೇ ಇಸಿಜಿ ಮಾಡಿಸಿ. ತಲೆ ತಿರುಗಿದರೆ, ಎದೆ ನೋವು ಬಂದರೆ ಒಬ್ಬರೇ ಹೋಗಬೇಡಿ, 108ಕ್ಕೆ ಫೋನ್ ಮಾಡಿ.

ಉಳಿದವರಿಗೂ ಇದೇ ಮಾತು. ಎಚ್ಚರ ತಪ್ಪಿ ಬಿದ್ದರೆ, ನಡೆಯುವಾಗ ಎದೆ ಹಿಡಿದುಕೊಂಡರೆ, ಮನೆಯಲ್ಲಿ ಚಿಕ್ಕ ವಯಸ್ಸಿನವರು ಏಕಾಏಕಿ ತೀರಿಕೊಂಡಿದ್ದರೆ, ಮೊದಲು ಹೃದಯ ತೋರಿಸಿ. ಆಮೇಲೆ ನನ್ನ ಹತ್ತಿರ ಬನ್ನಿ.

ಹಾವೇರಿಯ ಒಬ್ಬರು

ನನ್ನ ಅಳಿಯ ಇದಕ್ಕೆ ಪ್ರೊಪ್ರನೊಲಾಲ್ ಗುಳಿಗೆ ತಗೋತಾನೆ, ಬಡಿತ ಕೂಡಲೇ ಇಳಿಯುತ್ತದಂತೆ. ತಮ್ಮನಿಗೆ ಒಂದು ಕೊಡಿಸಬಹುದಾ?

ಉತ್ತರ (ಮನೋವೈದ್ಯೆ)

ಬೇರೆಯವರ ಗುಳಿಗೆ ಬೇಡವೇ ಬೇಡ ಸರ. ಅದು ಅಡ್ರಿನಲಿನ್ ಮಾತು ಹೃದಯಕ್ಕೆ ಕೇಳದ ಹಾಗೆ ಮಾಡುತ್ತದೆ, ನಿಜ. ಆದರೆ ಗಂಟೆ ಬಾರಿಸೋದು ನಿಲ್ಲೋದಿಲ್ಲ. ಆಸ್ತಮಾ ಇದ್ದವರಿಗೆ ಅದು ಉಸಿರುನಾಳವನ್ನೇ ಬಿಗಿ ಮಾಡಿಬಿಡಬಹುದು, ಜೀವಕ್ಕೆ ಕುತ್ತು.

ಪ್ರಶ್ನೆ ಕೇಳಿದವರು (ಒಂಬತ್ತು ದಿನದ ನಂತರ)

ಮೇಡಂ, ನಿನ್ನೆ ಉಪ್ಪಿಟ್ಟು ತಿಂದು, ವಾಚ್ ಮನೆಯಲ್ಲಿಟ್ಟು ಚಿಗರಿ ಹತ್ತಿದೆ. ಉಣಕಲ್‌ನಲ್ಲಿ ಶುರುವಾಯಿತು. ಕೈ ತಾನಾಗೇ ಮಣಿಕಟ್ಟಿನ ಕಡೆ ಹೋಯಿತು, ವಾಚ್ ಇರಲಿಲ್ಲ. ಕಿಟಕಿ ಕಡೆ ನೋಡುತ್ತಾ ನಿಂತೆ. ನವನಗರ ದಾಟಿತು, ಬಡಿತ ಇತ್ತು, ಆದರೆ ಜುಮುಜುಮು ಬರಲಿಲ್ಲ. ಸತ್ತೂರು ಹತ್ತಿರ ತಡೆಯೋಕಾಗದೆ ಇಳಿದುಬಿಟ್ಟೆ. ಇನ್ನೊಂದು, ಮೊನ್ನೆ ರಾತ್ರಿ ನಿದ್ದೆಯಲ್ಲೇ ಎದೆ ಬಡಿದು ಎಚ್ಚರ ಆಯಿತು. ನಿದ್ದೆಯಲ್ಲಿ ಯಾರು ವಾಚ್ ನೋಡಿದರು?

ಉತ್ತರ (ಮನೋವೈದ್ಯೆ)

ಒಳ್ಳೆಯ ಪ್ರಶ್ನೆ ಕೇಳಿದಿರಿ. ನಿದ್ದೆಯಲ್ಲಿ ಬರುವ ಪ್ಯಾನಿಕ್‌ಗೆ ನಾನು ಹೇಳಿದ ವಾಚಿನ ಕಥೆ ಪೂರ್ತಿ ಹೊಂದೋದಿಲ್ಲ. ಕೆಲವರ ಮೆದುಳಿಗೆ ಕಾರ್ಬನ್ ಡೈಆಕ್ಸೈಡ್ ಚೂರು ಏರಿದರೂ ಉಸಿರುಗಟ್ಟಿದ ಹಾಗೆ ಕೇಳಿಸಿ ಗಂಟೆ ಹೊಡೆಯುತ್ತದೆ ಅಂತ ಒಂದು ವಾದ ಇದೆ, ಎಲ್ಲರೂ ಒಪ್ಪಿಲ್ಲ. ನಿಮ್ಮ ವಿಷಯದಲ್ಲಿ ಮೊದಲು ಒಂದು ಕೇಳಬೇಕು: ನಿದ್ದೆಯಲ್ಲಿ ಜೋರಾಗಿ ಗೊರಕೆ ಹೊಡೆದು ನಡುವೆ ಉಸಿರು ನಿಲ್ಲುತ್ತದಾ? ಅಮ್ಮನನ್ನು ಕೇಳಿ ಬರೆಯಿರಿ, ಅದಕ್ಕೂ ಹೀಗೆ ಎಚ್ಚರ ಆಗುತ್ತದೆ. ಅದೇನೇ ಇರಲಿ, ಬೇರೆಯವರ ಮಾತಿನ ಮೇಲೆ ಬಿಡದೆ ಒಮ್ಮೆ ಎದುರಿಗೆ ತೋರಿಸಿಕೊಳ್ಳಿ. ಮಾನಸಿಕ ಆರೋಗ್ಯದ ಸರ್ಕಾರಿ ಆಸ್ಪತ್ರೆ ಡಿಮ್ಹಾನ್ಸ್ ಧಾರವಾಡದಲ್ಲೇ ಇದೆ. ಅಷ್ಟು ದೂರ ಈಗಲೇ ಆಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ದುಡ್ಡು ಬೀಳೋದಿಲ್ಲ.

ಮುಂದಿನ ಸಲ ಸತ್ತೂರಿನಲ್ಲಿ ಇಳಿಯಬೇಕು ಅನ್ನಿಸಿದಾಗ ಒಂದೇ ಒಂದು ಸ್ಟಾಪ್ ಮುಂದೆ ಹೋಗಿ ನೋಡಿ. ಇಳಿದ ಕೂಡಲೇ ಹಾಯ್ ಅನ್ನಿಸುತ್ತದಲ್ಲ, ಆ ಹಾಯ್ ಅನ್ನೋದನ್ನೇ ಮೆದುಳು "ಇಳಿದಿದ್ದಕ್ಕೇ ಉಳಿದೆ" ಎಂದು ಬರೆದಿಟ್ಟುಕೊಳ್ಳುತ್ತದೆ.

ಪ್ರಶ್ನೆ ಕೇಳಿದವರು

ಅಮ್ಮನನ್ನು ಕೇಳಿದೆ. ಗೊರಕೆ ಇದೆಯಂತೆ, ಉಸಿರು ನಿಲ್ಲೋದು ಅವರು ನೋಡಿಲ್ಲ. ಶನಿವಾರ ಮತ್ತೆ ಬಸ್ ಹತ್ತುತ್ತೇನೆ.