ಕ್ಲಾಸ್ ಫೋಟೋದಲ್ಲಿ ಕಲರ್ ಡ್ರೆಸ್ ಹುಡುಗ್ರಿಗೆ ಯೂನಿಫಾರ್ಮ್ ಹಾಕೋದು

ಪಿಂಪ್ರಿ ಸ್ಟುಡಿಯೋ: ಅಣ್ಣಂದಿರೇ, ಒಂದು ಕ್ಲಾಸ್ ಫೋಟೋ, 46 ಮಕ್ಕಳು, ಆಕಾಶನೀಲಿ ಶರ್ಟು ನೇವಿ ಬ್ಲೂ ಪ್ಯಾಂಟು. ಮೂರು ಹುಡುಗ್ರು ಕಲರ್ ಡ್ರೆಸ್ಸಲ್ಲಿ ಬಂದಿದಾರೆ, ಅದ್ರಲ್ಲೊಂದು ಕೆಂಪು ಟೀ ಶರ್ಟು, ಒಬ್ಬಂದು ಬರ್ತ್‌ಡೇ, ಇನ್ನಿಬ್ರದ್ದು ಮಳೇಲಿ ಯೂನಿಫಾರ್ಮ್ ಒಣಗಿಲ್ವಂತೆ. ಫೋಟೋಶಾಪಲ್ಲಿ ನೀಲಿ ಮಾಡಿದೆ, ಆದ್ರೆ ಆ ಮೂರೇ ಜನ ಎದ್ದು ಕಾಣ್ತಾರೆ. ಏನ್ ಮಾಡ್ಲಿ?

ಥಾಣೆ ಭಟ್ರು: ಸಿಂಪಲ್ ರೀ. ಐಡ್ರಾಪರಲ್ಲಿ ಒಂದು ಒಳ್ಳೆ ಶರ್ಟಿಂದ ಬಣ್ಣ ಎತ್ಕೊಳಿ, ಮೇಲೊಂದು ಲೇಯರಲ್ಲಿ ತುಂಬಿ ಬ್ಲೆಂಡ್ ಮೋಡ್ Color ಇಡಿ. ಮೂರಕ್ಕೂ ಅದೇ ಕೋಡ್. ಐದು ನಿಮಿಷದ ಕೆಲ್ಸ.

ಮಡಗಾಂವ್ ಅಕ್ಕ: ನಮ್ ಮಗಳ ಯೂನಿಫಾರ್ಮೂ ಹಿಂಗೇ ಆಗಿದೆ, ಎಲ್ರೂ ಒಂದೇ ಅಂಗಡೀಲಿ ತಗೊಂಡಿದ್ದು, ನಾಲ್ಕು ಸಲ ಒಗೆದ್ರೆ ಒಬ್ಬೊಬ್ರದ್ದು ಒಂದೊಂದು ನೀಲಿ. ಗೋವಾದಲ್ಲಿ ಶರ್ಟಿಗೆ ಮತ್ತೆ ಬಣ್ಣ ಹಾಕಿಕೊಡೋರು ಯಾರಾದ್ರೂ ಇದಾರಾ?

ದಾದರ್ ಮಾಮ: ಅಕ್ಕ, ಇದು ಫೋಟೋ ಎಡಿಟಿಂಗ್ ವಿಷ್ಯ, ಬಟ್ಟೆಗೆ ಬಣ್ಣ ಹಾಕೋದಲ್ಲ. ಆದ್ರೂ ನೀವು ಹೇಳಿದ್ದೇ ಇಲ್ಲಿ ಮುಖ್ಯ. 43 ಶರ್ಟಲ್ಲಿ ಹೊಸದು ಕಡು ಇರತ್ತೆ, ಹಳೇದು ಬಿಳಚಿರತ್ತೆ, ಅದ್ರಲ್ಲಿ "ಸರಿಯಾದ ನೀಲಿ" ಅಂತ ಒಂದು ಇರೋದೇ ಇಲ್ಲ. ಇಡೀ ಕ್ಲಾಸಿಗೆ ಹೊಂದಿಸೋಕೆ ಹೋಗ್ಬೇಡಿ, ಆ ಹುಡುಗನ ಅಕ್ಕಪಕ್ಕ ಇರೋ ಇಬ್ರಿಗೆ ಹೊಂದಿದ್ರೆ ಸಾಕು, ಕಣ್ಣು ನೋಡೋದು ಪಕ್ಕದ್ದನ್ನೇ.

ಭಟ್ರೇ, Color ಮೋಡಲ್ಲಿ ಬಣ್ಣ ಮಾತ್ರ ಬದಲಾಗತ್ತೆ, ಬೆಳಕು ಕೆಳಗಿನ ಲೇಯರಿಂದೇ ಉಳಿಯತ್ತೆ. ಕೆಂಪು ಟೀ ಶರ್ಟು ಕಡುವಾಗಿರತ್ತೆ, ಅದಕ್ಕೆ ಆಕಾಶನೀಲಿ ತುಂಬಿದ್ರೆ ಬರೋದು ಮಂಕು ನೀಲಿ. Curves ಹಾಕಿ ಬೆಳಕು ಎತ್ತಿದ್ರೆ ನೆರಳಲ್ಲಿ ಅಡಗಿದ್ದ ಕಾಳುಕಾಳು ನಾಯ್ಸ್ ಎಲ್ಲ ಮೇಲೆ ಬರತ್ತೆ. ಅದೂ ಅಲ್ದೆ ದುಂಡು ಕುತ್ತಿಗೆಗೆ ಕಾಲರ್ ಎಲ್ಲಿಂದ ತರ್ತೀರಿ?

ನಾನು ಶರ್ಟನ್ನೇ ಬದಲಾಯಿಸ್ತೀನಿ, ಅದೂ ಅದೇ ಫೋಟೋದ ಇನ್ನೊಬ್ಬ ಹುಡುಗಂದು. ಲೆನ್ಸು, ಬೆಳಕು, ನಾಯ್ಸ್ ಎಲ್ಲ ಮೊದ್ಲೇ ಹೊಂದಿರತ್ತೆ. ಅದೇ ಸಾಲಲ್ಲಿ, ಭುಜ ಅದೇ ಕಡೆ ವಾಲಿರೋ ಹುಡುಗನ್ನ ಹುಡುಕಿ, ಕಾಲರಿಂದ ಸೊಂಟದವರೆಗೆ ಕಟ್ ಮಾಡಿ ತಂದು Warp ಅಲ್ಲಿ ಕೂರ್ಸಿ. ವಾಲಿದ್ದು ಉಲ್ಟಾ ಇದ್ರೆ ಅಡ್ಡ ತಿರುಗಿಸೋಕೆ ಹೋಗ್ಬೇಡಿ. ನಾನೊಂದ್ಸಲ ತಿರುಗಿಸಿ ಜೇಬು ಬಲ ಎದೆಗೆ ಹೋಗಿ, ಪ್ರಿಂಟ್ ಎಲ್ಲ ಹಂಚಿದ್ಮೇಲೆ ಹುಡುಗನ ಅಜ್ಜ ಕಂಡುಹಿಡಿದ್ರು.

ಆಮೇಲೆ ಬಣ್ಣ. ಐಡ್ರಾಪರ್ ಸ್ಯಾಂಪಲ್ ಸೈಜ್ 11 by 11 Average ಇಡಿ, ಒಂದೇ ಪಿಕ್ಸೆಲ್ ತಗೊಂಡ್ರೆ ನಾಯ್ಸನ್ನೇ ಅಳೆದಂಗೆ. ಪಕ್ಕದ ಇಬ್ರ ಎದೆ ಮೇಲೆ, ಮಡಿಕೆ ಇಲ್ದಿರೋ ಕಡೆ, ಒಂದೊಂದು ಕಲರ್ ಸ್ಯಾಂಪ್ಲರ್ ಪಾಯಿಂಟ್ ಇಡಿ, ಮೂರನೇದು ಹೊಸ ಶರ್ಟ್ ಮೇಲೆ. Info ಪ್ಯಾನಲಲ್ಲಿ Lab ನೋಡಿ, L ಅಂದ್ರೆ ಬೆಳಕು, b ಮೈನಸ್ ಆದಷ್ಟೂ ನೀಲಿ. ಉದಾಹರಣೆಗೆ ಎಡಗಡೆಯವನದ್ದು L 72, b -22, ಬಲಗಡೆಯವನದ್ದು L 66, b -20 ಅಂತಿದ್ರೆ ನಿಮ್ಮದು L 69, b -21 ಹತ್ರ ಬರ್ಬೇಕು. ಬೆಳಕು ಆ ಕಡೆಯಿಂದ ಈ ಕಡೆ ಇಳೀತಾ ಬಂದಿದೆ, ಇವನು ನಡುವೆ ನಿಂತಿದಾನೆ, ಅಷ್ಟೇ ಲೆಕ್ಕ. ಮೂರಕ್ಕೂ ಒಂದೇ ಕೋಡ್ ಹಾಕಿದ್ರೆ ಸ್ಟಿಕರ್ ಅಂಟಿಸಿದಂಗೆ ಕಾಣೋದು ಇದಕ್ಕೇ.

ಇಷ್ಟಾದ್ರೂ ಎಲ್ಲೋ ಕೆಟ್ಟಿದೆ ಅನ್ಸಿದ್ರೆ ಗದ್ದದ ಕೆಳಗೆ ಜೂಮ್ ಮಾಡಿ. ಕೆಂಪು ಬಟ್ಟೆಯಿಂದ ಎದ್ದ ಕೆಂಪು ಬೆಳಕು ಗದ್ದಕ್ಕೂ ಪಕ್ಕದ ಹುಡುಗನ ತೋಳಿಗೂ ಬಿದ್ದಿರತ್ತೆ. ಶರ್ಟ್ ನೀಲಿ ಆದ್ರೂ ಆ ಕೆಂಪು ಅಲ್ಲೇ ಉಳಿಯತ್ತೆ. Hue/Saturation ಅಲ್ಲಿ Reds ಸ್ಯಾಚುರೇಶನ್ ಸ್ವಲ್ಪ ಇಳಿಸಿ, ಮಾಸ್ಕಲ್ಲಿ ಮೆತ್ತಗಿನ ಬ್ರಶ್ಶಿಂದ ಆ ಜಾಗಕ್ಕೆ ಮಾತ್ರ ಬಿಡಿ. ಜಾಸ್ತಿ ಇಳಿಸಿದ್ರೆ ಹುಡುಗ ಜ್ವರ ಬಂದವನಂಗೆ ಕಾಣ್ತಾನೆ.

ಥಾಣೆ ಭಟ್ರು: ಸರಿ ಮಾಮ, ಆದ್ರೆ ತಿಳಿ ಹಳದಿ, ತಿಳಿ ಬೂದು ಶರ್ಟಿಗೆ ನನ್ನ ಪದ್ಧತಿಯೇ ಫಾಸ್ಟು. ಕಾಲರ್ ಇದ್ರೆ ಇನ್ನೂ ಸುಲಭ.

ದಾದರ್ ಮಾಮ: ಅದು ಹೌದು. ಬಟ್ಟೆ ಯೂನಿಫಾರ್ಮಷ್ಟೇ ಬೆಳಕಿದ್ರೆ ನಡೆಯತ್ತೆ.

ಪಿಂಪ್ರಿ ಸ್ಟುಡಿಯೋ: ಕೆಂಪು ಟೀ ಶರ್ಟು ಕೂತಿದೆ ಮಾಮ, ಗದ್ದದ್ದೇ ಪ್ರಾಬ್ಲಮ್ ಆಗಿತ್ತು! ಕಡೇ ಸಾಲಿನವಂದು ಬರೀ ಕಾಲರ್ ಕಾಣ್ತಿತ್ತು, ಅದೂ ಆಯ್ತು. ಇನ್ನೊಬ್ಬ ಮುಂದೆ ಕೂತಿದಾನೆ, ಕೈ ಕಟ್ಕೊಂಡು. ಅಂಥ ಪೋಸಲ್ಲಿ ಇನ್ಯಾರೂ ಇಲ್ಲ.

ದಾದರ್ ಮಾಮ: ತೋಳು ಒಬ್ಬಂದು, ಎದೆ ಇನ್ನೊಬ್ಬಂದು ತಂದು ಜೋಡಿಸ್ಬೇಕು, ಕೈ ಅವನದ್ದೇ ಮೇಲೆ ಬರ್ಲಿ. ಎರಡು ಗಂಟೆ ಹಿಡಿಯತ್ತೆ. ಸ್ಕೂಲವ್ರು ಅದಕ್ಕೆ ದುಡ್ಡು ಕೊಡ್ತಾರಾ ಅಂತ ಮೊದ್ಲು ಕೇಳಿ.

ಪಿಂಪ್ರಿ ಸ್ಟುಡಿಯೋ: ಅವನೇ ಬರ್ತ್‌ಡೇ ಹುಡುಗ. ಅವ್ರಮ್ಮ ಈಗ ಫೋನ್ ಮಾಡಿ, ನಮ್ಗೆ ಹೊಸ ಡ್ರೆಸ್ ಇರೋ ಕಾಪಿನೇ ಬೇಕು ಅಂತಿದಾರೆ 😅